ಕಾಟ್‌ನ ಕಂಬಿಗೆ ಕಾಲು ಹಾಕುವ ಮಗುವನ್ನು ಮಂಚಕ್ಕೆ ಬದಲಿಸುವುದು ಯಾವಾಗ, ಹೇಗೆ?

ಪ್ರಶ್ನೆ: ಡಾಕ್ಟರೇ, ನಾವು ಮೂಡಿಗೆರೆ ಹತ್ತಿರ ತೋಟದ ಮನೆಯಲ್ಲಿದ್ದೇವೆ. ಮಗನಿಗೆ 2 ವರ್ಷ 3 ತಿಂಗಳು, ಹುಟ್ಟಿದಾಗಿನಿಂದ ಕಂಬಿಯ ಬೇಬಿ ಕಾಟ್‌ನಲ್ಲೇ ಮಲಗಿ ಅಭ್ಯಾಸ. ಹೋದ ವಾರದಿಂದ ಮೇಲಿನ ಕಂಬಿಗೆ ಒಂದು ಕಾಲು ಹಾಕಲು ಶುರು ಮಾಡಿದ್ದಾನೆ. ನನಗೆ ಈಗ ಏಳು ತಿಂಗಳು, ಇನ್ನೊಂದು ತಿಂಗಳಿಗೆ ಹೆರಿಗೆಗೆಂದು ಅರಸೀಕೆರೆಯ ತವರಿಗೆ ಹೋಗುತ್ತೇನೆ. ನಮ್ಮತ್ತೆಯವರು ಮನೆಯಲ್ಲಿರುವ ಹಳೆಯ ಬೀಟೆ ಮಂಚಕ್ಕೆ ಎರಡು ಕಡೆ ಲೋಡು ಇಟ್ಟು ಮಲಗಿಸು ಎನ್ನುತ್ತಾರೆ. ಯಜಮಾನರು ತಡೆಕಂಬಿ ಇರುವ ಹೊಸ ಮಂಚ ತರೋಣ ಎನ್ನುತ್ತಾರೆ. ಈಗಲೇ ಬದಲಿಸಬೇಕೆ, ಮಗು ಹುಟ್ಟಿದ ಮೇಲೆ ನೋಡಿದರಾಯಿತೆ?

ಉತ್ತರ: ಈಗಲೇ ಬದಲಿಸಿ, ಇದೇ ವಾರ ಆರಂಭಿಸಿ. ನಿಮ್ಮ ಮಗ ಕಂಬಿಗೆ ಕಾಲು ಹಾಕದೆ ಇದ್ದಿದ್ದರೆ ನನ್ನ ಸಲಹೆ ಬೇರೆಯಾಗುತ್ತಿತ್ತು. ಕಾಟ್‌ನಲ್ಲಿ ನೆಮ್ಮದಿಯಾಗಿ ಮಲಗುವ, ಹತ್ತುವ ಪ್ರಯತ್ನ ಮಾಡದ ಮಗುವನ್ನು 3 ವರ್ಷದ ಹತ್ತಿರದವರೆಗೆ ಅಲ್ಲಿಯೇ ಬಿಡುವುದು ಒಳ್ಳೆಯದೆಂದು ನಾನು ಸಾಮಾನ್ಯವಾಗಿ ಹೇಳುತ್ತೇನೆ. ಏಕೆಂದರೆ 'ದೀಪ ಆರಿದ ಮೇಲೆ ಹಾಸಿಗೆ ಬಿಟ್ಟು ಇಳಿಯಬಾರದು' ಎಂಬ, ಕಣ್ಣಿಗೆ ಕಾಣದ ಗೆರೆಯೊಂದನ್ನು ನೆನಪಿಟ್ಟು ಪಾಲಿಸುವ ಶಕ್ತಿ ಎರಡು ವರ್ಷದ ಮಗುವಿಗೆ ಇನ್ನೂ ಬಂದಿರುವುದಿಲ್ಲ. ಅದು ಮೂರರ ಆಸುಪಾಸಿನಲ್ಲಿ ನಿಧಾನವಾಗಿ ಬರುತ್ತದೆ. ಆದರೆ ಮಗು ಹತ್ತಲು ಕಲಿತ ದಿನ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ಅದು ಹೇಗೆಂದು ಒಂದು ಉದಾಹರಣೆಯಿಂದ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಬೇಲೂರು ಕಡೆಯ ಒಂದು ಕುಟುಂಬ ಇದೇ ಪ್ರಶ್ನೆಯನ್ನು ಹಿಡಿದು ನನ್ನ ಬಳಿಗೆ ಬಂದಿತ್ತು. ಅವರ ಮಗಳಿಗೆ 2 ವರ್ಷ 1 ತಿಂಗಳು, ಎತ್ತರ 86 ಸೆಂ.ಮೀ. ಅವರ ಮನೆಯ ಕಾಟ್‌ನ ಅಳತೆಯನ್ನು ಟೇಪು ಹಿಡಿದು ಬರೆದುಕೊಂಡು ಬರಲು ಹೇಳಿದೆ. ಹಾಸಿಗೆಯನ್ನು ಅತಿ ಕೆಳಗಿನ ಮಟ್ಟಕ್ಕೆ ಇಳಿಸಿದ್ದರೂ ಹಾಸಿಗೆಯ ಮೇಲ್ಮೈಯಿಂದ ಮೇಲಿನ ಕಂಬಿಗೆ ಇದ್ದದ್ದು 55 ಸೆಂ.ಮೀ. ಮಾತ್ರ, ನೆಲದಿಂದ ಅದೇ ಕಂಬಿಗೆ 95 ಸೆಂ.ಮೀ. ಮಗು ಒಳಗೆ ನಿಂತರೆ ಕಂಬಿ ಅದರ ಎದೆಗಿಂತ ಕೆಳಗಿತ್ತು. ಅಂದರೆ ದೇಹದ ಭಾರವಾದ ಭಾಗ, ಅದರಲ್ಲೂ ಆ ವಯಸ್ಸಿನಲ್ಲಿ ಮೈಗೆ ಹೋಲಿಸಿದರೆ ದೊಡ್ಡದಾಗಿರುವ ತಲೆ, ಕಂಬಿಯ ಮೇಲೆಯೇ ಇತ್ತು. ಅಂಥ ಮಗು ಬಗ್ಗಿ ನೋಡಿದರೂ ಸಾಕು, ಮುಂದಕ್ಕೆ ವಾಲಿ ತಲೆಯಡಿಯಾಗಿ ಬೀಳುತ್ತದೆ. ಬಿದ್ದರೆ ಬೀಳುವುದು ಒಂದು ಮೀಟರಿನಷ್ಟು ಎತ್ತರದಿಂದ, ಗಟ್ಟಿ ಗಾರೆ ನೆಲದ ಮೇಲೆ. ಸಾಧಾರಣ ಮಂಚದ ಅಂಚಿನಿಂದ ಉರುಳಿ ಬೀಳುವುದಕ್ಕಿಂತ ಇದು ಎರಡು ಪಟ್ಟು ಎತ್ತರ. ಮಗುವನ್ನು ಕಾಪಾಡುತ್ತಿದ್ದ ಬೇಲಿಯೇ ಆಗ ಮನೆಯಲ್ಲಿರುವ ಅತಿ ಎತ್ತರದ ಬೀಳುವ ಜಾಗವಾಗಿ ಬಿಡುತ್ತದೆ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುವ ಅಳತೆಯೂ ಇದನ್ನೇ ಆಧರಿಸಿದೆ. ಮಗುವಿನ ಎತ್ತರ 89 ಸೆಂ.ಮೀ. ಮುಟ್ಟಿದರೆ, ಅಥವಾ ಮಗು ಒಳಗೆ ನಿಂತಾಗ ಮೇಲಿನ ಕಂಬಿ ಅದರ ಮೊಲೆತೊಟ್ಟಿನ ಮಟ್ಟಕ್ಕಿಂತ ಕೆಳಗಾದರೆ, ಕಾಟ್‌ನ ಕಾಲ ಮುಗಿದಂತೆ. ಇವೆರಡರಲ್ಲಿ ಯಾವುದು ಮೊದಲು ಬಂದರೂ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆಯ ಪಟ್ಟಿಯಲ್ಲಿ 2 ವರ್ಷದ ಗಂಡುಮಗುವಿನ ಸರಾಸರಿ ಎತ್ತರ ಸುಮಾರು 87 ಸೆಂ.ಮೀ. ಇರುವುದರಿಂದ ನಿಮ್ಮ ಮಗ ಈಗಾಗಲೇ ಆ ಗಡಿಯಲ್ಲಿರುವ ಸಾಧ್ಯತೆ ಹೆಚ್ಚು. ಕಾಲು ಮೇಲಕ್ಕೆ ಹಾಕುತ್ತಿದ್ದಾನೆಂಬ ಒಂದೇ ಸಂಗತಿ ಈ ಎರಡು ಅಳತೆಗಳಿಗಿಂತ ದೊಡ್ಡ ಸಾಕ್ಷಿ. ಒಂದು ಕಾಲು ಹಾಕಿದವನು ಕೆಲವೇ ದಿನಗಳಲ್ಲಿ ಎರಡನೆಯದನ್ನೂ ಹಾಕುತ್ತಾನೆ.

ಹೊಸ ವ್ಯವಸ್ಥೆ ಆಗುವವರೆಗಿನ ನಾಲ್ಕೈದು ದಿನಗಳಿಗೆ, ಹಾಸಿಗೆಯನ್ನು ಕಾಟ್‌ನ ಅತಿ ಕೆಳಗಿನ ಮಟ್ಟಕ್ಕೆ ಇಳಿಸಿ. ಒಳಗಿರುವ ದಿಂಬು, ದೊಡ್ಡ ಗೊಂಬೆ, ಮಡಿಸಿಟ್ಟ ರಗ್ಗು ಎಲ್ಲವನ್ನೂ ತೆಗೆಯಿರಿ. ಅವೆಲ್ಲ ಅವನಿಗೆ ಮೆಟ್ಟಿಲುಗಳು. ಕಾಟ್ ಅನ್ನು ಕಿಟಕಿ, ಬೀರು, ಮೇಜುಗಳಿಂದ ದೂರ ಸರಿಸಿ, ಬೀಳುವ ಕಡೆ ನೆಲಕ್ಕೆ ದಪ್ಪ ಹಾಸಿಗೆಯೊಂದನ್ನು ಹಾಸಿ. ಕಾಟ್‌ನ ಮೇಲೆ ಬಲೆ ಕಟ್ಟುವುದನ್ನೂ ಹಲಗೆ ಮುಚ್ಚುವುದನ್ನೂ ಕೆಲವರು ಮಾಡುತ್ತಾರೆ. ಅದು ಬೇಡವೇ ಬೇಡ, ಕತ್ತು ಸಿಕ್ಕಿಕೊಳ್ಳುವ ಅಪಾಯ ಬೀಳುವ ಅಪಾಯಕ್ಕಿಂತ ದೊಡ್ಡದು.

ಇನ್ನು ಯಾವುದರ ಮೇಲೆ ಮಲಗಿಸಬೇಕೆಂಬ ಮಾತು. ನಿಮ್ಮ ಅತ್ತೆಯವರ ಬೀಟೆ ಮಂಚದ ಬಗ್ಗೆ ನನಗೆ ಗೌರವವಿದೆ. ನಮ್ಮ ಅಜ್ಜಿಯ ಮನೆಯಲ್ಲಿಯೂ ಅಂಥದೊಂದು ಇತ್ತು, ಅದಕ್ಕೆ ಹತ್ತಲು ನಮಗೆ ಕಾಲುಮಣೆ ಬೇಕಾಗುತ್ತಿತ್ತು. ಆ ಕಾಲುಮಣೆಯೇ ಉತ್ತರವನ್ನೂ ಹೇಳುತ್ತದೆ: ಮಗು ತಾನೇ ಹತ್ತಲಾರದ, ತಾನೇ ಇಳಿಯಲಾರದ ಮಂಚ ಆ ಮಗುವಿನದಲ್ಲ. ಹಳೆಯ ಮಂಚಗಳು ಹಾಸಿಗೆ ಸೇರಿ ಎಷ್ಟೋ ಸಲ 75–80 ಸೆಂ.ಮೀ. ಎತ್ತರ ಇರುತ್ತವೆ.

ಲೋಡುಗಳ ವಿಷಯಕ್ಕೆ ಬಂದರೆ, ಬೇಲೂರಿನ ಆ ಮಗುವಿಗೆ ಪೆಟ್ಟಾದದ್ದೇ ಅವುಗಳಿಂದ. ನಾನು ಕಾಟ್ ಬಿಡಿಸಲು ಹೇಳಿದ ಮೇಲೆ ಅವರು ಮನೆಯ ದೊಡ್ಡ ಮಂಚವನ್ನು ಗೋಡೆಗೆ ಸೇರಿಸಿ, ತೆರೆದ ಕಡೆಗೆ ಎರಡು ಲೋಡುಗಳನ್ನು ಉದ್ದಕ್ಕೆ ಇಟ್ಟು ಮಲಗಿಸಿದ್ದರು. ಮೂರನೆಯ ರಾತ್ರಿ ಮಗು ಎದ್ದು ಲೋಡನ್ನು ಹತ್ತಿತು, ಲೋಡು ಉರುಳಿತು, ಅದರ ಜೊತೆಗೆ ಮಗುವೂ ಉರುಳಿತು. ಕೊರಳೆಲುಬು ಬಿರುಕು ಬಿಟ್ಟಿತ್ತು. ಅದು ಈ ವಯಸ್ಸಿನಲ್ಲಿ ಬೇಗ ಕೂಡಿಕೊಳ್ಳುವ ಮೂಳೆ, ಮೂರು ವಾರ ತೋಳನ್ನು ಜೋಳಿಗೆಯಲ್ಲಿಟ್ಟಿದ್ದರಿಂದ ಸರಿಹೋಯಿತು. ಆದರೆ ಲೋಡು ತಡೆಯಾಗಿರಲಿಲ್ಲ ಎಂಬುದು ಎಲ್ಲರಿಗೂ ಅರ್ಥವಾಯಿತು. ನಿದ್ದೆಯಲ್ಲಿ ಹೊರಳುವ ಮಗುವನ್ನು ಅದು ಸ್ವಲ್ಪ ಮಟ್ಟಿಗೆ ನಿಲ್ಲಿಸಬಹುದು. ಎಚ್ಚರವಾಗಿ ಇಳಿಯಬೇಕೆಂದು ಹೊರಟ ಮಗುವಿಗೆ ಅದು ಬೀಳುವ ಎತ್ತರವನ್ನು ಇನ್ನೂ ಹೆಚ್ಚಿಸುತ್ತದೆ.

ಅದೇ ಮನೆಯಲ್ಲಿ ಇನ್ನೊಂದು ಸಂಗತಿಯನ್ನೂ ಕೇಳಿ ತಿಳಿದೆ. ಎರಡನೆಯ ರಾತ್ರಿ ಮಗುವಿನ ಕಾಲು ತೊಡೆಯವರೆಗೆ ಹಾಸಿಗೆ ಮತ್ತು ಗೋಡೆಯ ನಡುವೆ ಇಳಿದು ಸಿಕ್ಕಿಕೊಂಡಿತ್ತು, ಅಜ್ಜಿ ಅಳು ಕೇಳಿ ಎತ್ತಿದ್ದರು. ಮನೆಯವರಿಗೆ ಅದು ಸಣ್ಣ ವಿಷಯವಾಗಿ ಕಂಡಿತ್ತು. ನನಗೆ ಅದು ಬೀಳುವುದಕ್ಕಿಂತ ಭಯದ ವಿಷಯ. ಬಿದ್ದ ಮಗು ಅಳುತ್ತದೆ, ಯಾರಾದರೂ ಓಡಿ ಬರುತ್ತಾರೆ. ಸಂದಿಯಲ್ಲಿ ಎದೆಯೋ ಕತ್ತೋ ಸಿಕ್ಕಿದ ಮಗುವಿಗೆ ಅಳಲು ಉಸಿರು ಇರುವುದಿಲ್ಲ. ಮಂಚವನ್ನು ಗೋಡೆಗೆ ಸೇರಿಸಿದ್ದೇವೆ ಎಂದು ನಾವು ಅಂದುಕೊಂಡಾಗಲೂ ಮಂಚದ ಕಾಲಿನ ಉಬ್ಬು, ಗೋಡೆಯ ಕೆಳಗಿನ ಪಟ್ಟಿ, ಇವುಗಳಿಂದಾಗಿ ಹಾಸಿಗೆಯ ಮಟ್ಟದಲ್ಲಿ ಅಂಗೈ ಅಗಲದ ಸಂದಿ ಉಳಿದಿರುತ್ತದೆ. ರಾತ್ರಿ ಮಗು ಒದ್ದಾಡಿದಂತೆ ಅದು ಇನ್ನೂ ಹಿಗ್ಗುತ್ತದೆ. ಆದ್ದರಿಂದ ಮಧ್ಯದ ದಾರಿ ಇಲ್ಲಿ ಇಲ್ಲ. ಒಂದೋ ಹಾಸಿಗೆಯ ಅಂಚು ಗೋಡೆಗೆ ಒತ್ತಿ ನಿಂತು ಬೆರಳೂ ತೂರದಂತಿರಬೇಕು, ಇಲ್ಲವೇ ಗೋಡೆಯಿಂದ ಕನಿಷ್ಠ ಒಂದು ಅಡಿ ದೂರ ಇರಬೇಕು. ಆಗ ಮಗು ಜಾರಿದರೂ ಸಿಕ್ಕಿಕೊಳ್ಳದೆ ನೆಲಕ್ಕೆ ಇಳಿಯುತ್ತದೆ.

ನಿಮ್ಮ ಯಜಮಾನರು ಹೇಳುವ ತಡೆಕಂಬಿಯ ಮಂಚಕ್ಕೂ ಇದೇ ಪರೀಕ್ಷೆ. ಮಂಚದ ಜೊತೆಗೆ ಮರದಲ್ಲಿಯೇ ಕೂಡಿಸಿದ ತಡೆ, ಹಾಸಿಗೆಯಿಂದ ಒಂದು ಗೇಣಿನಷ್ಟು ಮೇಲೆ ಬಂದಿದ್ದು, ಕಾಲಿನ ಕಡೆ ಅರ್ಧ ಭಾಗ ಇಳಿಯಲು ತೆರೆದಿದ್ದರೆ ಒಳ್ಳೆಯದು. ಅಂಗಡಿಯಲ್ಲಿ ಬಿಡಿಯಾಗಿ ಸಿಗುವ, ಹಾಸಿಗೆಯ ಕೆಳಗೆ ತೂರಿಸಿ ಪಟ್ಟಿಯಿಂದ ಬಿಗಿಯುವ ತಡೆಗಳು ನಮ್ಮ ಮನೆಗಳಲ್ಲಿ ಕೈಕೊಡುವುದು ಹಾಸಿಗೆಯ ಕಾರಣದಿಂದ. ಅವು ಗಟ್ಟಿಯಾದ ನಾರಿನ ಹಾಸಿಗೆಗೆ ಹೊಂದುತ್ತವೆ. ಹತ್ತಿಯ ಹಾಸಿಗೆ ಮಗುವಿನ ಭಾರಕ್ಕೆ ಕುಗ್ಗಿದಾಗ ತಡೆ ಹೊರಕ್ಕೆ ವಾಲಿ ನಡುವೆ ಸಂದಿ ಬಾಯಿ ಬಿಡುತ್ತದೆ. ಹಾಸಿಗೆಯ ಅಂಚಿನಲ್ಲಿ ನೀವೇ ಕುಳಿತು, ತಡೆಯನ್ನು ಎರಡೂ ಕೈಯಿಂದ ಹೊರಕ್ಕೆ ದೂಡಿ ನೋಡಿ. ಎರಡು ಬೆರಳು ಇಳಿಯುವಷ್ಟು ಸಂದಿ ಬಂದರೂ ಅದನ್ನು ಬಳಸಬೇಡಿ. ಈ ಬಿಡಿ ತಡೆಗಳು 2 ವರ್ಷ ತುಂಬದ ಮಗುವಿಗೆ ಸಲ್ಲದು ಎಂಬುದನ್ನು ಬೇರೆ ಓದುಗರಿಗಾಗಿ ಹೇಳುತ್ತಿದ್ದೇನೆ.

ಹಾಗಾದರೆ ನಾನು ಆರಿಸುವುದು ಯಾವುದು? ನಿಮ್ಮ ಸಂದರ್ಭದಲ್ಲಿ ನೆಲದ ಹಾಸಿಗೆ. 8–10 ಸೆಂ.ಮೀ. ದಪ್ಪದ ಗಟ್ಟಿ ಹಾಸಿಗೆಯನ್ನು ಚಾಪೆಯ ಮೇಲೆ ಹಾಸಿದರೆ ಬೀಳುವ ಎತ್ತರವೆಂಬುದೇ ಇರುವುದಿಲ್ಲ, ಸಂದಿಯ ಪ್ರಶ್ನೆಯೂ ಸುಲಭವಾಗಿ ಬಗೆಹರಿಯುತ್ತದೆ. ಇನ್ನೂ ಮುಖ್ಯವಾಗಿ, ಅದನ್ನು ಸುತ್ತಿ ಅರಸೀಕೆರೆಗೆ ಒಯ್ಯಬಹುದು. ನೀವು ಬಾಣಂತನಕ್ಕೆ ಮೂರೋ ಐದೋ ತಿಂಗಳು ತವರಿನಲ್ಲಿರುವವರು. ಇಲ್ಲಿ ದುಬಾರಿ ಮಂಚ ತಂದು ರೂಢಿ ಮಾಡಿಸಿ, ತಿಂಗಳೊಪ್ಪತ್ತಿನಲ್ಲಿ ಅಲ್ಲಿ ಮತ್ತೆ ಹೊಸ ಜಾಗಕ್ಕೆ ರೂಢಿ ಮಾಡಿಸುವುದು ಮಗುವಿಗೂ ಕಷ್ಟ, ಮನೆಯವರಿಗೂ ಕಷ್ಟ. ಹಾಸಿಗೆ, ಹೊದಿಕೆ, ತಲೆದಿಂಬು, ಸೊಳ್ಳೆ ಪರದೆ ಅವೇ ಆಗಿದ್ದರೆ ಮನೆ ಬದಲಾದರೂ ಮಲಗುವ ಜಾಗ ಬದಲಾಗಿಲ್ಲ ಎಂದೇ ಮಗು ತಿಳಿಯುತ್ತದೆ. ತಲೆದಿಂಬು 2 ವರ್ಷ ದಾಟಿದ ಮೇಲೆ ಇರಬಹುದು, ಆದರೆ ತೆಳುವಾಗಿರಲಿ.

ಆದರೆ ಮಲೆನಾಡಿನ ನೆಲಕ್ಕೆ ಎರಡು ಎಚ್ಚರಿಕೆಗಳಿವೆ. ಒಂದು ತೇವ. ಮಳೆಗಾಲದಲ್ಲಿ ನಮ್ಮ ಗಾರೆ ನೆಲ ಬೆವರುತ್ತದೆ, ಹಾಸಿಗೆಯ ಅಡಿಭಾಗ ನಾಲ್ಕೇ ದಿನಗಳಲ್ಲಿ ಬೂಷ್ಟು ಹಿಡಿಯುತ್ತದೆ, ಆ ಬೂಷ್ಟು ಕೆಲವು ಮಕ್ಕಳಲ್ಲಿ ರಾತ್ರಿಯ ಕೆಮ್ಮನ್ನೂ ಉಬ್ಬಸವನ್ನೂ ಕೆರಳಿಸುತ್ತದೆ. ಬೆಳಿಗ್ಗೆ ಎದ್ದೊಡನೆ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಗಾಳಿಯಾಡಲು ಬಿಡಿ. ಎರಡನೆಯದು ಹಾವು. ತೋಟದ ಮನೆಗಳಲ್ಲಿ ಇದನ್ನು ಹೇಳದೆ ಬಿಡುವುದು ತಪ್ಪಾಗುತ್ತದೆ. ಕಟ್ಟುಹಾವು ರಾತ್ರಿ ಸಂಚರಿಸುವಂಥದು, ಅದು ಹೆಚ್ಚಾಗಿ ಕಚ್ಚುವುದು ನೆಲದ ಮೇಲೆ ಮಲಗಿ ನಿದ್ರಿಸುವವರನ್ನು, ಅದರ ಕಡಿತದ ನೋವು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಸೊಳ್ಳೆ ಪರದೆಯ ಅಂಚನ್ನು ನಾಲ್ಕೂ ಕಡೆ ಹಾಸಿಗೆಯ ಅಡಿಗೆ ಸಿಕ್ಕಿಸಿದರೆ ಈ ಅಪಾಯ ಬಹಳ ಕಡಿಮೆಯಾಗುತ್ತದೆ. ಅಂಚು ಸಡಿಲವಾಗಿ ಇಳಿಬಿಟ್ಟ ಪರದೆಯಿಂದ ಆ ರಕ್ಷಣೆ ಸಿಗುವುದಿಲ್ಲ. ಪರದೆ ಕಟ್ಟಿದ ಹುರಿಯ ತುದಿಗಳು ಮಗುವಿನ ಕೈಗೆ ಸಿಗುವಂತೆ ಜೋತಾಡಬಾರದು.

ನಿಮ್ಮ ಮನೆಯ ಬಾಗಿಲ ಕೆಳಗೆ, ಬಚ್ಚಲ ಕಡೆಯ ತೂಬಿನಲ್ಲಿ ಬೆಳಕು ಕಾಣುವಷ್ಟು ಸಂದುಗಳಿದ್ದರೆ, ಮುಚ್ಚಿಸಲು ಆಗದಿದ್ದರೆ, ನೆಲದ ಹಾಸಿಗೆಯನ್ನು ನಾನು ಒತ್ತಾಯಿಸುವುದಿಲ್ಲ. ಆಗ ಆಚಾರಿಯವರಿಂದ ಒಂದು ತಗ್ಗು ಮಂಚ ಮಾಡಿಸಿ. ತೋಟದಲ್ಲಿ ಬಿದ್ದ ಸಿಲ್ವರ್ ಓಕ್ ಹಲಗೆಯೇ ಸಾಕು. ನೆಲದಿಂದ ಚೌಕಟ್ಟಿಗೆ 15 ಸೆಂ.ಮೀ., ಹಾಸಿಗೆ ಸೇರಿ 25 ಸೆಂ.ಮೀ. ಮೀರದಂತೆ, ಹಾಸಿಗೆ ಚೌಕಟ್ಟಿನೊಳಗೆ ಬಿಗಿಯಾಗಿ ಕೂರುವಂತೆ ಮಾಡಿಸಿ. ಅದರ ಕೆಳಗೆ ಏನನ್ನೂ ಜೋಡಿಸಿಡಬೇಡಿ, ಪರದೆಯನ್ನು ಇಲ್ಲಿಯೂ ಬಿಡಬೇಡಿ. ಬೇಲೂರಿನವರು ಕೊನೆಗೆ ಮಾಡಿಸಿದ್ದು ಇಂಥದ್ದೇ ಮಂಚ, ಆ ಮಗು ಅದರಿಂದಲೂ ನಾಲ್ಕೈದು ಸಲ ಉರುಳಿತು. ಒಂದು ಸಲವೂ ಪೂರ್ತಿ ಎಚ್ಚರವಾಗಲಿಲ್ಲವೆಂದು ಅದರ ತಂದೆ ನಗುತ್ತ ಹೇಳಿದ್ದರು.

ಇಲ್ಲಿಯವರೆಗಿನದು ಹಾಸಿಗೆಯ ಮಾತು. ಆದರೆ ಕಾಟ್ ಬಿಟ್ಟ ಮೇಲೆ ನಿಜವಾಗಿ ಬದಲಾಗುವುದು ಕೋಣೆ. ನಿನ್ನೆಯವರೆಗೆ ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಅವನಿಗೆ ಇದ್ದದ್ದು ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಜಗತ್ತು; ಇನ್ನು ಮುಂದೆ ಎಲ್ಲರೂ ಮಲಗಿರುವಾಗ ಕತ್ತಲೆಯಲ್ಲಿ ಇಡೀ ಮನೆ ಅವನದು. ಹಗಲಿನಲ್ಲಿ ಅವನ ಹಿಂದೆ ಒಬ್ಬರು ಇದ್ದೇ ಇರುತ್ತಾರೆ, ಆದ್ದರಿಂದ ಹಗಲಿನಲ್ಲಿ ಸುರಕ್ಷಿತವೆನಿಸಿದ ಕೋಣೆ ರಾತ್ರಿಗೆ ಹಾಗಿರುವುದಿಲ್ಲ. ಒಂದು ಸಂಜೆ ನಿಮ್ಮ ಯಜಮಾನರು ಆ ಕೋಣೆಯ ನೆಲದ ಮೇಲೆ ಮಂಡಿಯೂರಿ ಕುಳಿತು, ಮಗನ ಕಣ್ಣಿನ ಎತ್ತರದಿಂದ ಸುತ್ತ ನೋಡಲಿ. ನೀವು ಈ ತಿಂಗಳಲ್ಲಿ ಬಗ್ಗಿ ಏಳುವುದು ಬೇಡ. ಮಗನನ್ನು ಕಾಟ್‌ನಿಂದ ಎತ್ತುವುದನ್ನೂ ಅವರಿಗೇ ಬಿಡಿ.

ಮೊದಲು ಕಣ್ಣಿಗೆ ಬೀಳುವುದು ಬೀರು ಮತ್ತು ಟಿ.ವಿ. ಕೆಳಗಿನ ಡ್ರಾಯರುಗಳನ್ನು ಎಳೆದು ಅವುಗಳ ಮೇಲೆ ಹತ್ತಿದಾಗ ಇಡೀ ಬೀರು ಮುಂದಕ್ಕೆ ಮಗುಚುತ್ತದೆ. ಕಬ್ಬಿಣದ ಎಲ್ ಆಕಾರದ ಪಟ್ಟಿಯೊಂದರಿಂದ ಅದನ್ನು ಗೋಡೆಗೆ ಬಿಗಿಸುವುದು ಅರ್ಧ ಗಂಟೆಯ ಕೆಲಸ. ಆಮೇಲೆ ಕೆಳಮಟ್ಟದ ಪ್ಲಗ್ಗಿನಲ್ಲಿ ಸಿಕ್ಕಿಸಿದ ಸೊಳ್ಳೆ ಓಡಿಸುವ ದ್ರವದ ಬಾಟಲಿ. ಅದರಲ್ಲಿ ಔಷಧಿಯನ್ನು ಕರಗಿಸಿರುವುದು ಸೀಮೆಎಣ್ಣೆಯಂಥ ದ್ರವದಲ್ಲಿ. ಮಗು ಒಂದು ಗುಟುಕು ಕುಡಿದು ಅದು ಶ್ವಾಸಕೋಶಕ್ಕೆ ಸೇರಿದರೆ ನ್ಯುಮೋನಿಯಾ ಆಗುತ್ತದೆ. ಹಾಗೇನಾದರೂ ಆದರೆ ವಾಂತಿ ಮಾಡಿಸಬೇಡಿ, ವಾಂತಿಯೇ ಅದನ್ನು ಶ್ವಾಸಕೋಶಕ್ಕೆ ಕಳುಹಿಸುವ ದಾರಿ. ಬಾಟಲಿಯ ಸಮೇತ ನೇರವಾಗಿ ಆಸ್ಪತ್ರೆಗೆ ಬನ್ನಿ. ದೇವರ ಮನೆಯ ಕರ್ಪೂರವೂ ಹೀಗೆಯೇ, ಸಕ್ಕರೆಯೆಂದು ಬಾಯಿಗೆ ಹಾಕಿಕೊಂಡ ಮಗುವಿಗೆ ಫಿಟ್ಸ್ ಬರಲು ಅದರ ಸ್ವಲ್ಪ ಪ್ರಮಾಣವೇ ಸಾಕು. ಎರಡನ್ನೂ ಮೇಲಿನ ಕಪಾಟಿಗೆ ಸೇರಿಸಿ, ಪರದೆ ಇರುವಾಗ ದ್ರವದ ಅಗತ್ಯವೂ ಕಡಿಮೆ.

ಬಚ್ಚಲಿನ ಬಾಗಿಲಿಗೆ ಹೊರಗಿನಿಂದ, ದೊಡ್ಡವರ ಭುಜದ ಎತ್ತರಕ್ಕೆ, ಒಂದು ಚಿಲಕ ಇರಲಿ. ಬಕೆಟ್ಟಿನಲ್ಲಿ ಉಳಿದ ಒಂದು ಗೇಣು ನೀರಿಗೆ ತಲೆಕೆಳಗಾದ ಮಗುವಿಗೆ ಮೇಲೆದ್ದು ಬರುವ ಬಲವಿರುವುದಿಲ್ಲ. ಮುಂಬಾಗಿಲು, ಹಿತ್ತಿಲ ಬಾಗಿಲು ಎರಡಕ್ಕೂ ಹಾಗೆಯೇ ಎತ್ತರದಲ್ಲಿ ಚಿಲಕ ಇರಲಿ. ತೋಟದ ಮನೆಯಲ್ಲಿ ಅಂಗಳದಾಚೆಗೆ ಕೆರೆಯೋ ಬಾವಿಯೋ ಇದ್ದೇ ಇರುತ್ತದೆ. ಮೆಟ್ಟಿಲಿದ್ದರೆ ಮೇಲೂ ಕೆಳಗೂ ತಡೆ ಬೇಕು. ಆದರೆ ಮಗು ಮಲಗುವ ಕೋಣೆಗೇ ಹೊರಗಿನಿಂದ ಚಿಲಕ ಹಾಕಿ ನೆಮ್ಮದಿಯಾಗಿ ಮಲಗುವ ಉಪಾಯ ಬೇಡ. ಬೆಂಕಿ ಹೊತ್ತಿದರೆ, ಫಿಟ್ಸ್ ಬಂದರೆ, ಆ ಒಂದು ಚಿಲಕ ಜೀವಕ್ಕೆ ಎರವಾಗುತ್ತದೆ. ನಮ್ಮ ಹಳೆಯ ಮನೆಗಳ ಅರ್ಧ ಬಾಗಿಲು ಇದಕ್ಕೆ ಹೇಳಿಮಾಡಿಸಿದ್ದು: ಮಗು ಹೊರಗೆ ಬರಲಾಗದು, ಆದರೆ ಅವನ ದನಿ ನಿಮಗೆ ಕೇಳುತ್ತದೆ, ನೀವು ಕಾಣುತ್ತೀರಿ. ಅರ್ಧ ಬಾಗಿಲು ಇಲ್ಲದವರು ಬಾಗಿಲಿಗೆ ಒಂದು ಸಣ್ಣ ಗಂಟೆ ಕಟ್ಟಿಕೊಳ್ಳಲಿ.

ಒಂದು ಮಾತನ್ನು ಅಜ್ಜಿಯರು ಬೇಸರಿಸದೆ ಕೇಳಬೇಕು. ಮಗುವಿನ ಕತ್ತಿನಲ್ಲಿರುವ ಕರಿದಾರ, ತಾಯಿತ, ಸರ ಮಲಗುವಾಗ ಬೇಡ. ಓಡಾಡುವ ಮಗುವಿನ ದಾರ ಮಂಚದ ಕಾಲಿಗೋ ಚಿಲಕಕ್ಕೋ ಸಿಕ್ಕಿದರೆ ಬಿಡಿಸಿಕೊಳ್ಳಲು ಅದಕ್ಕೆ ಬರುವುದಿಲ್ಲ. ಸೊಂಟದ ಉಡಿದಾರ ಇದ್ದರೆ ಇರಲಿ, ತಾಯಿತವನ್ನೂ ಅದಕ್ಕೇ ಕಟ್ಟಬಹುದು.

ಈಗ ನಿಮ್ಮ ಮುಂದಿರುವ ನಾಲ್ಕು ವಾರಗಳನ್ನು ಹೇಗೆ ಬಳಸಬೇಕೆಂದು ನೋಡೋಣ. ಕಾಟ್ ಇದ್ದ ಜಾಗದಲ್ಲಿಯೇ ಹೊಸ ಹಾಸಿಗೆ ಹಾಸಿ, ಕಾಟ್ ಅನ್ನು ಬಿಚ್ಚಿ ಅವನ ಕಣ್ಣಿಗೆ ಬೀಳದಂತೆ ಅಟ್ಟಕ್ಕೆ ಸೇರಿಸಿ. ಅದು ಎದುರಿಗಿದ್ದರೆ ಎರಡರ ನಡುವೆ ಚೌಕಾಸಿ ಆರಂಭವಾಗುತ್ತದೆ. ಮುಖ್ಯವಾಗಿ, 'ಪಾಪು ಬರುತ್ತೆ, ಕಾಟ್ ಪಾಪುಗೆ ಬೇಕು' ಎಂದು ಯಾರೂ ಹೇಳದಿರಲಿ. ಆ ಮಾತಿನಿಂದ ಅವನಿಗೆ ಆಗುವ ಅರ್ಥ ಒಂದೇ, ಬರುವ ಮಗು ತನ್ನದನ್ನು ಕಿತ್ತುಕೊಳ್ಳುತ್ತದೆ ಎಂದು. ಮೊದಲ ಮೂರು ದಿನ ಮಧ್ಯಾಹ್ನದ ನಿದ್ದೆ ಮಾತ್ರ ಹೊಸ ಹಾಸಿಗೆಯಲ್ಲಿ ಆಗಲಿ, ರಾತ್ರಿ ನಿಮ್ಮಿಬ್ಬರಲ್ಲಿ ಒಬ್ಬರ ಪಕ್ಕದಲ್ಲಿ ಮಲಗಿಸಿಕೊಳ್ಳಿ. ನಾಲ್ಕನೆಯ ದಿನದಿಂದ ರಾತ್ರಿಯೂ ಅಲ್ಲಿಯೇ ಆಗಲಿ. ಊಟ, ಮುಖ ತೊಳೆಯುವುದು, ಕಥೆ, ದೀಪ ಆರಿಸುವುದು, ಇವು ಕಾಟ್‌ನ ಕಾಲದಲ್ಲಿ ಯಾವ ಸಮಯಕ್ಕೆ, ಯಾವ ಸಾಲಿನಲ್ಲಿ ಇದ್ದವೋ ಹಾಗೆಯೇ ಇರಲಿ. ಡೈಪರ್ ಬಿಡಿಸುವುದು, ಎದೆಹಾಲು ಅಥವಾ ಬಾಟಲಿ ಬಿಡಿಸುವುದು ಈ ತಿಂಗಳು ಬೇಡ.

ಅವನು ಎದ್ದು ಬರುತ್ತಾನೆ, ಬಂದೇ ಬರುತ್ತಾನೆ. ಬೇಲೂರಿನ ಮಗು ಹೊಸ ಮಂಚದ ಮೊದಲ ರಾತ್ರಿ ಒಂಬತ್ತು ಸಲ ಎದ್ದು ಬಂದಿತ್ತು, ಎರಡನೆಯ ರಾತ್ರಿ ಹನ್ನೊಂದು ಸಲ. ಆ ತಂದೆ ಕ್ಯಾಲೆಂಡರಿನಲ್ಲಿ ಗೀಟು ಹಾಕಿ ಎಣಿಸಿಟ್ಟಿದ್ದರು. ನಾನು ಹೇಳಿದ್ದು ಇಷ್ಟೇ: ಬೈಯಬೇಡಿ, ಮುದ್ದು ಮಾಡಲೂ ಬೇಡಿ, ದೀಪ ಹಾಕಬೇಡಿ, 'ಮಲಗುವ ಹೊತ್ತು' ಎಂಬ ಒಂದೇ ಮಾತು ಹೇಳಿ ಕೈಹಿಡಿದು ಕರೆದೊಯ್ದು ಮಲಗಿಸಿ ಬನ್ನಿ. ಎರಡನೆಯ ರಾತ್ರಿ ಮೊದಲನೆಯದಕ್ಕಿಂತ ಕೆಟ್ಟದಾದದ್ದನ್ನು ಕಂಡು ಅವರು ಕೈಬಿಡುವವರಿದ್ದರು. ಅದು ಸಹಜ, ಸಾಲು ಮುರಿಯುತ್ತದೆಯೇ ಎಂದು ಮಗು ಪರೀಕ್ಷಿಸುವ ರಾತ್ರಿ ಅದು. ಐದನೆಯ ರಾತ್ರಿಗೆ ನಾಲ್ಕು ಸಲಕ್ಕೆ ಇಳಿಯಿತು, ಎರಡು ವಾರ ಕಳೆಯುವಷ್ಟರಲ್ಲಿ ಬೆಳಗಿನ ಜಾವ ಒಂದು ಸಲ ಬಂದು ಹೋಗುವುದಷ್ಟೇ ಉಳಿಯಿತು. ಹೆಚ್ಚಿನ ಮಕ್ಕಳು ಎರಡು ಮೂರು ವಾರಗಳಲ್ಲಿ ಹೀಗೆ ಒಗ್ಗಿಕೊಳ್ಳುವುದನ್ನು ನಾನು ಕಂಡಿದ್ದೇನೆ. ನಿಮ್ಮ ಮನೆಯಲ್ಲಿ ಈ ಕರೆದೊಯ್ಯುವ ಕೆಲಸವನ್ನು ತಂದೆ ಅಥವಾ ಅಜ್ಜಿ ಮಾಡಲಿ. ಹೆರಿಗೆಯ ನಂತರ ರಾತ್ರಿ ನೀವು ಏಳಲಾರಿರಿ, ಆಗ ಅವನಿಗೆ ಆ ಕೈ ಪರಿಚಿತವಾಗಿರಬೇಕು. ತವರಿಗೆ ಯಜಮಾನರು ಜೊತೆಯಲ್ಲಿ ಬರುವುದಿಲ್ಲವಾದರೆ, ಅಲ್ಲಿನ ಅಜ್ಜಿಯೋ ಚಿಕ್ಕಮ್ಮನೋ ಆ ಸರದಿಯನ್ನು ಮೊದಲ ದಿನದಿಂದಲೇ ವಹಿಸಿಕೊಳ್ಳಲಿ. ಅರಸೀಕೆರೆಯ ಕೋಣೆಗೂ ಮೇಲೆ ಹೇಳಿದ ಬೀರು, ಬಚ್ಚಲು, ಪ್ಲಗ್ಗುಗಳ ತಪಾಸಣೆ ಬೇರೆಯಾಗಿ ಆಗಬೇಕು. ಅಜ್ಜಿಯ ಮನೆಯಲ್ಲಿ ಚಿಕ್ಕ ಮಗು ಇಲ್ಲದೆ ವರ್ಷಗಳಾಗಿರುತ್ತವೆ.

ಹೆರಿಗೆಯಾದ ಮೇಲೆ ಅವನು ನಿಮ್ಮ ಪಕ್ಕವೇ ಬೇಕೆಂದು ಹಟ ಮಾಡಬಹುದು. ಅವನ ಹಾಸಿಗೆಯನ್ನು ನಿಮ್ಮ ಕೋಣೆಗೇ ತನ್ನಿ, ಅದರಲ್ಲಿ ತಪ್ಪಿಲ್ಲ. ಆದರೆ ಅವನೂ ಹೊಸ ಮಗುವೂ ಒಂದೇ ಹಾಸಿಗೆಯಲ್ಲಿ ಎಂದಿಗೂ ಮಲಗಬಾರದು. ನಿದ್ದೆಯಲ್ಲಿ ಹೊರಳುವ 12 ಕಿಲೋ ತೂಕದ ಮಗುವಿನ ಒಂದು ತೋಳು ಸಾಕು ಹಸುಗೂಸಿನ ಉಸಿರು ಕಟ್ಟಿಸಲು.

ಇಷ್ಟೆಲ್ಲ ಮಾಡಿದ ಮೇಲೂ ಎಲ್ಲಿಂದಲೋ ಬಿದ್ದರೆ ಏನನ್ನು ನೋಡಬೇಕು? ತಕ್ಷಣ ಅತ್ತು, ಹತ್ತು ನಿಮಿಷದಲ್ಲಿ ಸುಧಾರಿಸಿಕೊಂಡು ಎಂದಿನಂತೆ ಆಡುವ ಮಗುವನ್ನು ಒಂದು ದಿನ ಗಮನಿಸಿದರೆ ಸಾಮಾನ್ಯವಾಗಿ ಸಾಕು. ಪ್ರಜ್ಞೆ ತಪ್ಪಿದರೆ, ಒಂದಕ್ಕಿಂತ ಹೆಚ್ಚು ಸಲ ವಾಂತಿಯಾದರೆ, ಎಬ್ಬಿಸಿದರೂ ಸರಿಯಾಗಿ ಏಳದಷ್ಟು ಮಂಕಾದರೆ, ಫಿಟ್ಸ್ ಬಂದರೆ, ಕಿವಿ ಅಥವಾ ಮೂಗಿನಿಂದ ರಕ್ತವೋ ತಿಳಿನೀರೋ ಇಳಿದರೆ, ತಲೆಯ ಪಕ್ಕ ಅಥವಾ ಹಿಂಭಾಗದಲ್ಲಿ ಮೆತ್ತಗಿನ ಊತ ಕಂಡರೆ, 108ಕ್ಕೆ ಕರೆ ಮಾಡಿ, ಬೆಳಗಾಗಲಿ ಎಂದು ಕಾಯಬೇಡಿ. ಹಣೆಯ ಮುಂಭಾಗದ ಗಟ್ಟಿ ಬುಗುಟು ನೋಡಲು ಭಯಂಕರವಾದರೂ ಅಷ್ಟು ಆತಂಕದ್ದಲ್ಲ. ಕಿವಿಯ ಮೇಲಿನ ಮೆತ್ತಗಿನ ಊತ ಚಿಕ್ಕದಾಗಿ ಕಂಡರೂ ನನಗೆ ಹೆಚ್ಚು ಆತಂಕದ್ದು. ಮಗು ಅಳದೆ ಒಂದು ತೋಳನ್ನು ಮಾತ್ರ ಎತ್ತದಿದ್ದರೆ ಕೊರಳೆಲುಬನ್ನು ಪರೀಕ್ಷಿಸಲು ಕರೆತನ್ನಿ.

ಅಟ್ಟಕ್ಕೆ ಹಾಕಿದ ಕಾಟ್ ಹೊಸ ಮಗುವಿಗೆ ಆಗುತ್ತದೆ. ತೂಗುವ ತೊಟ್ಟಿಲನ್ನು ಮಗು ಮೊಣಕೈಯೂರಿ ಎದ್ದೇಳಲು ಆರಂಭಿಸಿದಾಗ ಬಿಡಬೇಕಾಗುತ್ತದೆ, ಕಾಟ್ ಬೇಕಾಗುವುದು ಆಮೇಲೆಯೇ. ಅಷ್ಟರಲ್ಲಿ ದೊಡ್ಡವನು ಅದನ್ನು ಮರೆತಿರುತ್ತಾನೆ. ಇಳಿಸಿದ ದಿನ ಪ್ರತಿಯೊಂದು ಸ್ಕ್ರೂವನ್ನೂ ಬಿಗಿಮಾಡಿ, ಅಲುಗಾಡಿಸಿ ನೋಡಿ, ಸರಳುಗಳ ನಡುವಿನ ಅಂತರ 6 ಸೆಂ.ಮೀ. ಮೀರಿದೆಯೇ ಎಂದು ಅಳೆಯಿರಿ. ಎರಡು ವರ್ಷ ಅದರ ಮೇಲೆ ಕುಣಿದ ನಿಮ್ಮ ಮಗ ಒಂದೆರಡು ಸರಳನ್ನಾದರೂ ಸಡಿಲಿಸಿರುತ್ತಾನೆ.